ಪಿಂಚಣಿಯೂ ಪ್ಯಾಕೇಜೂ: ನಾಳೆಯ ಭಾರ ಯಾರ ಹೆಗಲಿಗೆ?

ಸರ್ಕಾರಿ ನೌಕರಿಯೋ ಹೆಚ್ಚು ಸಂಬಳದ ಖಾಸಗಿ ನೌಕರಿಯೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪದಗಳ ಜಗಳವಾಗಿ ಮುಗಿಯುತ್ತದೆ. ಹಿರಿಯರ ಕೈಯಲ್ಲಿರುವ ಪದ ಪಿಂಚಣಿ. ಕಿರಿಯರ ಕೈಯಲ್ಲಿರುವ ಪದ ಪ್ಯಾಕೇಜ್. ವಿದೇಶದಲ್ಲಿರುವ ನಮ್ಮಂಥವರಿಗೆ ಊರಿನಿಂದ ಬರುವ ಕರೆಗಳಲ್ಲಿ ಈ ಪ್ರಶ್ನೆ ಆಗಾಗ ಇಣುಕುತ್ತದೆ. ಹೊರಗಿನ ಪ್ರಪಂಚ ಕಂಡವರು ತೀರ್ಪು ಕೊಡಬಲ್ಲರು ಎಂಬ ನಂಬಿಕೆ ಅದರ ಹಿಂದಿರುತ್ತದೆ. ಆದರೆ ತೀರ್ಪು ಕೊಡುವ ಮುನ್ನ ಈ ಎರಡೂ ಪದಗಳ ಅರ್ಥ ಕಳೆದ ಇಪ್ಪತ್ತು ವರ್ಷಗಳಲ್ಲಿ ಬದಲಾಗಿರುವುದನ್ನು ಗಮನಿಸಬೇಕು. ಹಿರಿಯರು ಹೇಳುವ ಪಿಂಚಣಿ ಇಂದು ಕೆಲಸಕ್ಕೆ ಸೇರುವವರಿಗೆ ದೊರೆಯುವುದಿಲ್ಲ. ಕಿರಿಯರು ಹೇಳುವ ಪ್ಯಾಕೇಜಿನ ಪೂರ್ತಿ ಮೊತ್ತ ಯಾವ ತಿಂಗಳೂ ಕೈಗೆ ಬರುವುದಿಲ್ಲ. ಹೀಗೆ ಇಲ್ಲದ ಒಂದರ ಜೊತೆ ಬಾರದ ಇನ್ನೊಂದನ್ನು ತೂಗುತ್ತಾ ಒಂದು ಬದುಕಿನ ನಿರ್ಧಾರ ನಡೆದುಹೋಗುತ್ತದೆ.

ಮೊದಲು ಪಿಂಚಣಿಯ ಮಾತು. ಕರ್ನಾಟಕದಲ್ಲಿ ಇದಕ್ಕೆ ಒಂದು ಗಡಿ ದಿನಾಂಕವಿದೆ: 2006ರ ಏಪ್ರಿಲ್ 1. ಅದಕ್ಕೂ ಮೊದಲು ರಾಜ್ಯ ಸರ್ಕಾರದ ಸೇವೆಗೆ ಸೇರಿದವರು ಪೂರ್ಣ ಅವಧಿ ದುಡಿದು ನಿವೃತ್ತರಾದರೆ ಕೊನೆಯ ಮೂಲವೇತನದ ಅರ್ಧದಷ್ಟನ್ನು ಬದುಕಿರುವವರೆಗೂ ಪಡೆಯುತ್ತಾರೆ. ಬೆಲೆಗಳು ಏರಿದಂತೆ ತುಟ್ಟಿಭತ್ಯೆಯ ಮೂಲಕ ಆ ಮೊತ್ತವೂ ಏರುತ್ತದೆ. ಅವರು ತೀರಿಕೊಂಡ ಮೇಲೆ ಸಂಗಾತಿಗೆ ಕುಟುಂಬ ಪಿಂಚಣಿ ಸಲ್ಲುತ್ತದೆ. ಇದಕ್ಕಾಗಿ ನೌಕರರ ಸಂಬಳದಿಂದ ಒಂದು ರೂಪಾಯಿಯೂ ಕಡಿತವಾಗುತ್ತಿರಲಿಲ್ಲ. ಬೀದಿಯ ಕೊನೆಯ ಮನೆಯ ನಿವೃತ್ತ ಮೇಷ್ಟರ ಬದುಕನ್ನು ನೋಡಿ ನಮ್ಮ ಹಿರಿಯರು ಕಟ್ಟಿಕೊಂಡ ಚಿತ್ರ ಇದೇ.

ಆ ದಿನಾಂಕದ ನಂತರ ಸೇರಿದವರಿಗೆ ಇರುವುದು ಎನ್‌ಪಿಎಸ್ ಎಂದು ಎಲ್ಲರೂ ಕರೆಯುವ ವ್ಯವಸ್ಥೆ. ಇಲ್ಲಿ ನೌಕರರು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10ರಷ್ಟನ್ನು, ಸರ್ಕಾರ ಶೇಕಡಾ 14ರಷ್ಟನ್ನು ಪ್ರತಿ ತಿಂಗಳೂ ಒಂದು ಖಾತೆಗೆ ತುಂಬುತ್ತಾರೆ. ಹಣ ಸಾಲಪತ್ರಗಳಲ್ಲೂ ಷೇರುಗಳಲ್ಲೂ ಹೂಡಿಕೆಯಾಗುತ್ತದೆ. ನಿವೃತ್ತಿಯ ದಿನ ಖಾತೆಯಲ್ಲಿ ಎಷ್ಟಿದೆಯೋ ಅಷ್ಟೇ ಆಸ್ತಿ. ಅದರಲ್ಲಿ ಕನಿಷ್ಠ ಶೇಕಡಾ 40ರಷ್ಟನ್ನು ವಿಮಾ ಕಂಪನಿಯೊಂದಕ್ಕೆ ಕೊಟ್ಟು ತಿಂಗಳ ವರ್ಷಾಶನ ಕೊಳ್ಳಬೇಕು. ಉಳಿದದ್ದನ್ನು ಒಟ್ಟಿಗೆ ಪಡೆಯಬಹುದು. ಈ ವರ್ಷಾಶನ ಸಾಮಾನ್ಯವಾಗಿ ಬೆಲೆಯೇರಿಕೆಯ ಜೊತೆ ಏರುವುದಿಲ್ಲ. 60ನೆಯ ವಯಸ್ಸಿನಲ್ಲಿ 20,000 ರೂಪಾಯಿ ಬರುತ್ತಿದ್ದರೆ 80ನೆಯ ವಯಸ್ಸಿನಲ್ಲಿಯೂ ಅಷ್ಟೇ. ವರ್ಷಕ್ಕೆ ಶೇಕಡಾ 6ರಂತೆ ಬೆಲೆಗಳು ಏರಿದರೆ ಹನ್ನೆರಡು ವರ್ಷಗಳಲ್ಲಿ ಆ ಹಣದ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ.

ಹಳೆಯ ಪಿಂಚಣಿ ಒಂದು ವಾಗ್ದಾನ. ಹೊಸದು ಒಂದು ಉಳಿತಾಯ. ಮನುಷ್ಯರು ಎಷ್ಟು ವರ್ಷ ಬದುಕುತ್ತಾರೆ, ಬೆಲೆಗಳು ಎಷ್ಟು ಏರುತ್ತವೆ, ಮಾರುಕಟ್ಟೆ ಯಾವಾಗ ಕುಸಿಯುತ್ತದೆ ಎಂಬ ಮೂರು ಅನಿಶ್ಚಿತತೆಗಳನ್ನು ಹಿಂದೆ ಸರ್ಕಾರ ಹೊರುತ್ತಿತ್ತು. ಈಗ ಅವನ್ನು ನೌಕರರೇ ಹೊರುತ್ತಾರೆ. ಆದ್ದರಿಂದ "ಪಿಂಚಣಿ ಇದೆ" ಎಂಬ ಮಾತನ್ನು ಕೇಳಿದಾಗ ಕೇಳಬೇಕಾದ ಮರುಪ್ರಶ್ನೆ "ಯಾವ ಪಿಂಚಣಿ?" ಎಂಬುದು. ಕೇಂದ್ರ ಸರ್ಕಾರದ ಹುದ್ದೆಯಾದರೆ ಉತ್ತರ ಬೇರೆಯಾಗಬಹುದು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಯುಪಿಎಸ್ ಅನ್ನು ಅಲ್ಲಿ ಆಯ್ದುಕೊಳ್ಳಲು ಅವಕಾಶವಿದೆ. ಅದರಲ್ಲಿ 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟು ಪಿಂಚಣಿಯ ಖಾತರಿಯಿದೆ. ನೌಕರರು ತಮ್ಮ ಶೇಕಡಾ 10ನ್ನು ಕೊಡುತ್ತಲೇ ಇರಬೇಕು ಎಂಬುದು ಹಳೆಯ ಪಿಂಚಣಿಗೂ ಇದಕ್ಕೂ ಇರುವ ಒಂದು ವ್ಯತ್ಯಾಸ. ಹೀಗಾಗಿ ರೈಲ್ವೆಯ ಹುದ್ದೆಯನ್ನೂ ತಾಲ್ಲೂಕು ಕಚೇರಿಯ ಹುದ್ದೆಯನ್ನೂ "ಸರ್ಕಾರಿ" ಎಂಬ ಒಂದೇ ಪದದಡಿ ತೂಗಲಾಗದು.

ಇನ್ನು ಒಂದು ನಿದರ್ಶನವನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡೋಣ. 26 ವರ್ಷದ ಪದವೀಧರೆಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಕೈಯಲ್ಲಿ ರಾಜ್ಯ ಸರ್ಕಾರದ ಪ್ರಥಮ ದರ್ಜೆ ಸಹಾಯಕಿಯ ಆದೇಶಪತ್ರವಿದೆ. ಬೆಂಗಳೂರಿನ ಖಾಸಗಿ ಕಂಪನಿಯೊಂದರ ವರ್ಷಕ್ಕೆ 12 ಲಕ್ಷದ ಪ್ಯಾಕೇಜೂ ಇದೆ. ಏಳನೆಯ ವೇತನ ಆಯೋಗದ ನಂತರ ಪ್ರಥಮ ದರ್ಜೆ ಸಹಾಯಕರ ಆರಂಭದ ಮೂಲವೇತನ 44,425 ರೂಪಾಯಿ. ಲೆಕ್ಕದ ಅನುಕೂಲಕ್ಕೆ 45,000 ಎಂದುಕೊಳ್ಳೋಣ. ತುಟ್ಟಿಭತ್ಯೆಯನ್ನು ಶೇಕಡಾ 12 ಎಂದಿಟ್ಟುಕೊಂಡರೆ 5,400 ಸೇರುತ್ತದೆ. ಬೆಂಗಳೂರಿನಲ್ಲಿ ಮನೆಬಾಡಿಗೆ ಭತ್ಯೆ ಶೇಕಡಾ 20, ಅಂದರೆ 9,000. ಒಟ್ಟು 59,400. ಇದರಲ್ಲಿ ಎನ್‌ಪಿಎಸ್‌ಗೆ 5,040 ಕಡಿತವಾಗುತ್ತದೆ. ಕೆಜಿಐಡಿ ವಿಮೆಯ ಕಂತು ಮತ್ತು ವೃತ್ತಿ ತೆರಿಗೆಯೂ ಹೋದರೆ ಕೈಗೆ ಬರುವುದು 50,000ದ ಆಸುಪಾಸು.

ಖಾಸಗಿಯ 12 ಲಕ್ಷ ಎಂದರೆ ತಿಂಗಳಿಗೆ ಒಂದು ಲಕ್ಷ ಎಂದು ಮನೆಯವರು ಭಾವಿಸುತ್ತಾರೆ. ಕಂಪನಿ ಬರೆದುಕೊಟ್ಟಿರುವುದು ಆಕೆಗಾಗಿ ತಾನು ಮಾಡುವ ಒಟ್ಟು ವೆಚ್ಚವನ್ನು. ಮೂಲವೇತನ 50,000 ಎಂದಿದ್ದರೆ ಭವಿಷ್ಯ ನಿಧಿಗೆ ಕಂಪನಿ ತುಂಬುವ ಶೇಕಡಾ 12, ಅಂದರೆ 6,000, ಆ ಒಂದು ಲಕ್ಷದ ಒಳಗೇ ಇದೆ. ಐದು ವರ್ಷ ದುಡಿದರೆ ಸಿಗಬಹುದಾದ ಉಪದಾನದ ಬಾಬ್ತು ಸುಮಾರು 2,400 ರೂಪಾಯಿ ಕೂಡ ಒಳಗೇ ಇದೆ. ಕಂಪನಿಯ ಮತ್ತು ಅವಳ ಸಾಧನೆಯನ್ನು ನೋಡಿ ವರ್ಷದ ಕೊನೆಗೆ ಕೊಡುವ ಭಾಗ ಶೇಕಡಾ 10 ಎಂದಿದ್ದರೆ ಇನ್ನೂ 10,000 ಪಕ್ಕಕ್ಕೆ ಸರಿಯಿತು. ಅವಳ ಪಾಲಿನ ಭವಿಷ್ಯ ನಿಧಿಯ 6,000 ಮತ್ತು ವೃತ್ತಿ ತೆರಿಗೆ ಕಳೆದರೆ ಕೈಗೆ ಬರುವುದು ಸುಮಾರು 75,000. ಹೊಸ ತೆರಿಗೆ ಪದ್ಧತಿಯಲ್ಲಿ ಈ ಇಬ್ಬರಿಗೂ ಆದಾಯ ತೆರಿಗೆ ಬೀಳುವುದಿಲ್ಲ. ಹೀಗೆ 45,000ಕ್ಕೂ ಒಂದು ಲಕ್ಷಕ್ಕೂ ನಡುವಿನ ವ್ಯತ್ಯಾಸವೆಂದು ಮನೆಯಲ್ಲಿ ಕಂಡದ್ದು ನಿಜದಲ್ಲಿ ತಿಂಗಳಿಗೆ 25,000ದ ವ್ಯತ್ಯಾಸ. ಅದು ಸಣ್ಣ ಮೊತ್ತವಲ್ಲ. ಆದರೆ ಹೇಳಲಾದ ಮೊತ್ತಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ.

ಈಗ ಇಬ್ಬರ ಮುಪ್ಪಿಗೆ ಸೇರುವ ಹಣವನ್ನು ಪಕ್ಕಪಕ್ಕದಲ್ಲಿ ಇಡೋಣ. ಸರ್ಕಾರಿ ಹುದ್ದೆಯಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 50,400; ಅದರ ಶೇಕಡಾ 24 ಎಂದರೆ ತಿಂಗಳಿಗೆ 12,096. ಖಾಸಗಿಯಲ್ಲಿ ಎರಡೂ ಪಾಲು ಸೇರಿ 12,000. ಎರಡೂ ಬಹುತೇಕ ಒಂದೇ! 2014ರ ಸೆಪ್ಟೆಂಬರ್ ನಂತರ ಮೊದಲ ಬಾರಿಗೆ ಭವಿಷ್ಯ ನಿಧಿಗೆ ಸೇರುವ, ಮೂಲವೇತನ 15,000ಕ್ಕಿಂತ ಹೆಚ್ಚಿರುವ ನೌಕರರು ಭವಿಷ್ಯ ನಿಧಿಯ ಜೊತೆಗಿರುವ ಪಿಂಚಣಿ ಯೋಜನೆಯ ಸದಸ್ಯರಾಗುವುದಿಲ್ಲ. ಆದ್ದರಿಂದ ಅವಳ ಪೂರ್ತಿ 12,000 ನಿಧಿಗೇ ಹೋಗುತ್ತದೆ. ತಿಂಗಳ ಪಿಂಚಣಿ ಎಂಬುದು ಅವಳಿಗೆ ಇಲ್ಲವೇ ಇಲ್ಲ. ಅತ್ತ ಎನ್‌ಪಿಎಸ್‌ನ ನೌಕರರಿಗೂ ಇರುವುದು ನಿಧಿಯೇ. ನಮ್ಮ ಹಿರಿಯರು ಯಾವ ಕಾರಣಕ್ಕೆ ಸರ್ಕಾರಿ ನೌಕರಿ ಹಿಡಿ ಎನ್ನುತ್ತಿದ್ದಾರೋ ಆ ಕಾರಣದ ಅಂಕಣದಲ್ಲಿ ಇಂದು ಎರಡೂ ಕಡೆ ಒಂದೇ ಅಂಕಿ ಇದೆ.

ಇಲ್ಲಿ ಖಾಸಗಿ ಪತ್ರದಲ್ಲಿ ಒಂದು ಸಾಲನ್ನು ಹುಡುಕಿ ನೋಡಬೇಕು. ಭವಿಷ್ಯ ನಿಧಿಯ ಎದುರು 1,800 ಎಂಬ ಸಂಖ್ಯೆ ಇದ್ದರೆ ಕಂಪನಿ 15,000 ರೂಪಾಯಿಯ ಮೇಲಷ್ಟೇ ಶೇಕಡಾ 12 ಕಟ್ಟುತ್ತಿದೆ ಎಂದರ್ಥ. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಆಗ ಕೈಗೆ ಬರುವ ಹಣ ಹೆಚ್ಚಾಗಿ ಕಾಣುತ್ತದೆ, ಮುಪ್ಪಿನ ನಿಧಿ ಮೂರರಲ್ಲೊಂದು ಪಾಲಿಗೂ ಕಡಿಮೆಯಾಗುತ್ತದೆ. ಕೆಲಸ ಬದಲಿಸಿದಾಗಲೆಲ್ಲ ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸದೆ ತೆಗೆದು ಖರ್ಚು ಮಾಡುವುದು ಇನ್ನೊಂದು ಸೋರಿಕೆ. ಹತ್ತು ವರ್ಷದಲ್ಲಿ ಮೂರು ಕಂಪನಿ ಬದಲಿಸಿ, ಮೂರು ಸಲವೂ ಹಣ ತೆಗೆದವರ ನಿಧಿ ಹತ್ತು ವರ್ಷದ ಕೊನೆಗೂ ಶೂನ್ಯದಿಂದಲೇ ಆರಂಭವಾಗುತ್ತದೆ. ಎನ್‌ಪಿಎಸ್‌ನಲ್ಲಿ ಹಣ ತೆಗೆಯುವುದು ಕಷ್ಟ. ಆ ಕಷ್ಟವೇ ಅದರ ಗುಣವೂ ಹೌದು.

ಹಾಗಾದರೆ ಎರಡೂ ಸಮವೇ? ಅಲ್ಲ. ನಿಧಿ ಸಮನಾದ ಕಾರಣಕ್ಕೇ ಭದ್ರತೆಯ ಬೆಲೆ ಏರಿದೆ. ಇದೇ ನನ್ನ ಮುಖ್ಯ ವಾದ. ಪಿಂಚಣಿ ಮತ್ತು ಭದ್ರತೆಯನ್ನು ನಾವು ಎರಡು ಬೇರೆ ಬೇರೆ ಲಾಭಗಳಂತೆ ಎಣಿಸುತ್ತೇವೆ. ಹಳೆಯ ಕಾಲದಲ್ಲಿ ಅವು ಬೇರೆಯಾಗಿಯೇ ಇದ್ದವು. ಈಗ ಮುಪ್ಪಿನ ಹಣ ಎಂದರೆ ತಿಂಗಳು ತಿಂಗಳು ತುಂಬಿದ ನಿಧಿ. ಅದನ್ನು 60ರವರೆಗೆ ಯಾರು ತಡೆಯಿಲ್ಲದೆ ತುಂಬಬಲ್ಲರು ಎಂಬುದರ ಮೇಲೆಯೇ ಮುಪ್ಪು ನಿಂತಿದೆ.

ಒಂದು ಸರಳ ಲೆಕ್ಕ ಇದನ್ನು ತೋರಿಸುತ್ತದೆ. ನಿಧಿಗೆ ಬರುವ ಬಡ್ಡಿ ಬೆಲೆಯೇರಿಕೆಯನ್ನು ಸರಿದೂಗಿಸುತ್ತದೆ, ಅದಕ್ಕಿಂತ ಹೆಚ್ಚಿಲ್ಲ ಎಂದುಕೊಳ್ಳೋಣ. ಆಗ ಇಂದಿನ ರೂಪಾಯಿಗಳಲ್ಲೇ ಕೂಡಬಹುದು. ವರ್ಷಕ್ಕೆ 1,44,000ದಂತೆ 26ರಿಂದ 60ರವರೆಗೆ 34 ವರ್ಷ ತುಂಬಿದರೆ ಸುಮಾರು 49 ಲಕ್ಷ. ಅದನ್ನು 85ನೆಯ ವಯಸ್ಸಿನವರೆಗೆ 25 ವರ್ಷಕ್ಕೆ ಹಂಚಿದರೆ ತಿಂಗಳಿಗೆ 16,300. ಅದೇ ಕೆಲಸ 50ನೆಯ ವಯಸ್ಸಿನಲ್ಲಿ ನಿಂತುಹೋಯಿತು, ಅಂಥದ್ದು ಮತ್ತೆ ಸಿಗಲಿಲ್ಲ ಎಂದುಕೊಳ್ಳಿ. ಆಗ ತುಂಬಿದ್ದು 24 ವರ್ಷ, ನಿಧಿ ಸುಮಾರು 34.5 ಲಕ್ಷ, ಅದು ಸಾಕಬೇಕಾದದ್ದು 35 ವರ್ಷಗಳನ್ನು. ತಿಂಗಳಿಗೆ 8,200 ಮಾತ್ರ. ನಿಧಿ ಕುಗ್ಗಿದ್ದು ಶೇಕಡಾ 30ರಷ್ಟು, ತಿಂಗಳ ಹಣ ಕುಗ್ಗಿದ್ದು ಅರ್ಧಕ್ಕೆ. ದುಡಿಮೆಯ ಕೊನೆಯ ದಶಕ ಎರಡು ಕಡೆಯಿಂದ ಹೊಡೆಯುತ್ತದೆ: ತುಂಬುವುದು ನಿಲ್ಲುತ್ತದೆ, ತೆಗೆಯುವುದು ಬೇಗ ಶುರುವಾಗುತ್ತದೆ.

ಸರ್ಕಾರಿ ನೌಕರರನ್ನು ಈ ಹೊಡೆತದಿಂದ ಕಾಯುವುದು ಸಂವಿಧಾನದ 311ನೆಯ ವಿಧಿ. ಆರೋಪಗಳನ್ನು ತಿಳಿಸದೆ, ಉತ್ತರ ಕೊಡಲು ಅವಕಾಶ ನೀಡದೆ, ವಿಚಾರಣೆ ನಡೆಸದೆ ಸಾಮಾನ್ಯವಾಗಿ ಅವರನ್ನು ವಜಾ ಮಾಡುವಂತಿಲ್ಲ. ಖಾಸಗಿ ನೌಕರರಿಗಿರುವುದು ನೇಮಕಾತಿ ಪತ್ರದ ನೋಟಿಸ್ ಅವಧಿ. ಕರ್ನಾಟಕದ ಐಟಿ ಉದ್ಯಮಕ್ಕೆ ಕೈಗಾರಿಕಾ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರವೇ ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂದಿತ್ತು ಎಂಬುದನ್ನು ನೆನೆದರೆ, ಅಲ್ಲಿಯ ಅಭದ್ರತೆ ಪ್ರಕೃತಿಸಹಜವಾದದ್ದಲ್ಲ, ನಿಯಮಗಳಿಂದ ಕಟ್ಟಿದ್ದು ಎಂಬುದು ಅರ್ಥವಾಗುತ್ತದೆ. ಕೆಲಸದಿಂದ ತೆಗೆಯುವುದನ್ನು ಕಂಪನಿಗಳು ಹಾಗೆಂದು ಕರೆಯುವುದೂ ಅಪರೂಪ. ರಾಜೀನಾಮೆ ಕೊಡಿ ಎಂದು ಸೂಚಿಸಲಾಗುತ್ತದೆ. ದಾಖಲೆಯಲ್ಲಿ ನೌಕರರು ತಾವೇ ಬಿಟ್ಟುಹೋದಂತಾಗುತ್ತದೆ.

ಆದರೂ ಭದ್ರತೆಯೇ ಸರ್ವಸ್ವವೆಂದು ಹೇಳಿ ಮುಗಿಸುವುದು ಪ್ರಾಮಾಣಿಕವಲ್ಲ. ಬೆಳವಣಿಗೆಯ ಲೆಕ್ಕ ಖಾಸಗಿಯ ಪರವಾಗಿದೆ, ಅದನ್ನೂ ಪೂರ್ತಿ ಕೂಡಬೇಕು. ಸರ್ಕಾರದಲ್ಲಿ ವಾರ್ಷಿಕ ವೇತನ ಬಡ್ತಿ, ತುಟ್ಟಿಭತ್ಯೆ, ಕೆಲವು ವರ್ಷಗಳಿಗೊಮ್ಮೆ ವೇತನ ಆಯೋಗ, ಬಡ್ತಿಯೇ ಸಿಗದಿದ್ದರೆ ಕಾಲಮಿತಿ ವೇತನ ಬಡ್ತಿ ಇವೆಲ್ಲ ಸೇರಿ ಬೆಲೆಯೇರಿಕೆಗಿಂತ ವರ್ಷಕ್ಕೆ ಶೇಕಡಾ 2ರಷ್ಟು ಮುಂದೆ ಹೋಗಬಹುದು ಎಂದುಕೊಳ್ಳೋಣ. ಖಾಸಗಿಯಲ್ಲಿ ಮೊದಲ ಹತ್ತು ವರ್ಷ ಶೇಕಡಾ 4ರಷ್ಟು ಮುಂದೆ ಹೋಗುತ್ತದೆ, ಆಮೇಲೆ ಅಲ್ಲಿಯೂ ಶೇಕಡಾ 2ಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ಇಂದು 25,000 ಇರುವ ತಿಂಗಳ ವ್ಯತ್ಯಾಸ ಹತ್ತನೆಯ ವರ್ಷದ ಕೊನೆಗೆ ಇಂದಿನ ಬೆಲೆಯಲ್ಲೇ 50,000 ಆಗುತ್ತದೆ. 26ರಿಂದ 50ರವರೆಗೆ ಈ ವ್ಯತ್ಯಾಸಗಳನ್ನೆಲ್ಲ ಕೂಡಿದರೆ ಸುಮಾರು 1 ಕೋಟಿ 38 ಲಕ್ಷ.

ಈಗ ಅದೇ ಅಶುಭವನ್ನು ಮತ್ತೆ ಊಹಿಸೋಣ: 50ರಲ್ಲಿ ಖಾಸಗಿ ಕೆಲಸ ಹೋಗುತ್ತದೆ. 60ರವರೆಗೆ ತಿಂಗಳಿಗೆ 50,000ದಂತೆ ಬದುಕಲು 60 ಲಕ್ಷ ಬೇಕು. ಆ ಹತ್ತು ವರ್ಷ ನಿಧಿಗೆ ತುಂಬದೆ ಉಳಿದದ್ದನ್ನು ತುಂಬಲು 14 ಲಕ್ಷಕ್ಕೂ ಹೆಚ್ಚು. ಒಟ್ಟು 74 ಲಕ್ಷ. ಇದು ಕೂಡಿದ ವ್ಯತ್ಯಾಸದ ಅರ್ಧಕ್ಕಿಂತ ತುಸು ಹೆಚ್ಚು. ಅರ್ಥ ಸ್ಪಷ್ಟ. ಹೆಚ್ಚಿಗೆ ಬಂದ ಸಂಬಳದ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲನ್ನು ಇಪ್ಪತ್ನಾಲ್ಕು ವರ್ಷ ತಪ್ಪದೆ ಕೂಡಿಡಬಲ್ಲವರಿಗೆ ಖಾಸಗಿ ಕೆಲಸ 50ರಲ್ಲಿ ನಿಂತರೂ ನಷ್ಟವಿಲ್ಲ. ನಿಲ್ಲದಿದ್ದರೆ ಭಾರಿ ಲಾಭ. ಆ ವ್ಯತ್ಯಾಸವನ್ನು ಪೂರ್ತಿಯಾಗಿ ಮನೆಸಾಲದ ಕಂತಿಗೂ ಕಾರಿಗೂ ಮಕ್ಕಳ ಶಾಲೆಯ ಶುಲ್ಕಕ್ಕೂ ಬದ್ಧಮಾಡಿಕೊಂಡವರು ಹೆಚ್ಚು ಗಳಿಸಿಯೂ ಬಡವರಾಗುತ್ತಾರೆ. ಅಂಕಿಗಳು ಒರಟು, ಪ್ರತಿಯೊಬ್ಬರೂ ತಮ್ಮದನ್ನು ಹಾಕಿಕೊಂಡು ನೋಡಬೇಕು. ಆದರೆ ಕೇಳಬೇಕಾದ ಪ್ರಶ್ನೆ ಇದೇ: ಈ ವ್ಯತ್ಯಾಸದಲ್ಲಿ ಎಷ್ಟು ಪಾಲು ನನ್ನ ಕೈಯಲ್ಲಿ ಉಳಿಯುತ್ತದೆ?

ಈ ಪ್ರಶ್ನೆಯಲ್ಲಿಯೇ ನಮ್ಮ ಸಮಾಜದ ಅಸಮಾನತೆ ಅಡಗಿದೆ. ಅಪ್ಪನಿಗೆ ಸ್ವಂತ ಮನೆಯೂ ಹಳೆಯ ಪಿಂಚಣಿಯೂ ಇರುವ ಕುಟುಂಬದ ಮಗಳು ತಿಂಗಳಿಗೆ 25,000 ಕೂಡಿಡಬಲ್ಲಳು. ಕೆಲಸ ಹೋದರೆ ಒಂದು ವರ್ಷ ತವರಿನಲ್ಲಿ ಕೂತು ಹೊಸದನ್ನು ಹುಡುಕಬಲ್ಲಳು. ಹಳೆಯ ಪಿಂಚಣಿಯೇ ಅವಳ ಖಾಸಗಿ ಸಾಹಸಕ್ಕೆ ಬಂಡವಾಳ. ಕೂಲಿ ಮಾಡಿ ಓದಿಸಿದ ತಾಯ್ತಂದೆಯರ ಮಗಳಿಗೆ ಮೊದಲ ತಿಂಗಳಿಂದಲೇ ಊರಿಗೆ ಹಣ ಕಳುಹಿಸಬೇಕು, ತಮ್ಮನ ಓದು, ಅಪ್ಪನ ಔಷಧಿ, ಕೈಸಾಲ. ಅವಳ ವ್ಯತ್ಯಾಸ ಉಳಿಯುವುದಿಲ್ಲ. ಅವಳಿಗೆ ಸರ್ಕಾರಿ ಹುದ್ದೆಯ ಭದ್ರತೆ ಕೊಳ್ಳಲಾಗದ ವಿಮೆ. ದಲಿತ, ಹಿಂದುಳಿದ ಸಮುದಾಯಗಳ ಮೊದಲ ತಲೆಮಾರಿನ ಪದವೀಧರರು ಸರ್ಕಾರಿ ನೌಕರಿಗಾಗಿ ಹಾತೊರೆಯುವುದನ್ನು ಮಹತ್ವಾಕಾಂಕ್ಷೆಯ ಕೊರತೆ ಎಂದು ನಗುವವರು ಈ ಲೆಕ್ಕವನ್ನು ಎಂದೂ ಮಾಡಿನೋಡಿದವರಲ್ಲ. ಮೀಸಲಾತಿ ಇರುವುದೂ ಅಲ್ಲಿಯೇ, ಖಾಸಗಿಯಲ್ಲಿ ಅದಿಲ್ಲ.

ಸೌಲಭ್ಯಗಳ ವಿಷಯದಲ್ಲಿಯೂ ಇದೇ ಸೂತ್ರ ನಡೆಯುತ್ತದೆ, ಹೆಚ್ಚು ಹೇಳಬೇಕಿಲ್ಲ. ಕಂಪನಿಯ ಗುಂಪು ಆರೋಗ್ಯ ವಿಮೆ ಒಳ್ಳೆಯದಿರಬಹುದು; ಕೆಲಸ ಹೋದಾಗ ಅದೂ ಹೋಗುತ್ತದೆ, ಅಂದರೆ ಅತ್ಯಂತ ಬೇಕಾದ ಹೊತ್ತಿಗೆ ಇರುವುದಿಲ್ಲ. ಆದ್ದರಿಂದ ಖಾಸಗಿಯಲ್ಲಿರುವವರು ಆರೋಗ್ಯವಾಗಿರುವಾಗಲೇ ಸ್ವಂತ ವಿಮೆ ಮಾಡಿಸಿಟ್ಟುಕೊಳ್ಳಬೇಕು, ಅದರ ಕಂತನ್ನು ವ್ಯತ್ಯಾಸದಿಂದ ಕಳೆಯಬೇಕು. ಹೆರಿಗೆ ರಜೆ ಎರಡೂ ಕಡೆ ಆರು ತಿಂಗಳಿದೆ. ಆದರೆ ರಜೆಯಿಂದ ಮರಳಿದಾಗ ತನ್ನ ಸ್ಥಾನ ಅಲ್ಲಿಯೇ ಇರುತ್ತದೆ ಎಂಬ ನೆಮ್ಮದಿ ಎರಡೂ ಕಡೆ ಒಂದೇ ಅಲ್ಲ. ಸರ್ಕಾರಿ ಬದಿಯಲ್ಲಿ ಎಣಿಸದೆ ಬಿಡುವ ವೆಚ್ಚವೆಂದರೆ ವರ್ಗಾವಣೆ. ಬೆಂಗಳೂರಿನಿಂದ ಸಣ್ಣ ಊರಿಗೆ ಹೋದರೆ ಮನೆಬಾಡಿಗೆ ಭತ್ಯೆ ಶೇಕಡಾ 20ರಿಂದ 7.5ಕ್ಕೆ ಇಳಿಯಬಹುದು. ಅದಕ್ಕಿಂತ ದೊಡ್ಡ ನಷ್ಟ ಸಂಗಾತಿಯ ಉದ್ಯೋಗ. ಎರಡು ಸಂಬಳದ ಮನೆಯಲ್ಲಿ ಒಂದು ಸಂಬಳ ವರ್ಗಾವಣೆಯ ಆದೇಶದೊಡನೆ ಅಳಿಸಿಹೋಗುವುದುಂಟು, ಅದು ಹೆಚ್ಚಾಗಿ ಹೆಂಡತಿಯದೇ ಆಗಿರುತ್ತದೆ.

ಇಲ್ಲಿಯವರೆಗೆ ಎರಡೂ ಆದೇಶಪತ್ರ ಕೈಯಲ್ಲಿದ್ದವರ ಮಾತಾಯಿತು. ಬಹುತೇಕರಿಗೆ ಆಯ್ಕೆ ಹೀಗೆ ಬರುವುದಿಲ್ಲ. ಒಂದು ಕೆಲಸ ಇಂದು ಇದೆ, ಇನ್ನೊಂದು ಪರೀಕ್ಷೆಯ ಆಚೆ ಇದೆ. ಆ ಆಚೆ ಎಷ್ಟು ದೂರ ಎಂಬುದು ಯಾರ ಕೈಯಲ್ಲೂ ಇಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷ ಯಾವ ಖಾತೆಗೂ ಜಮೆಯಾಗಲಿಲ್ಲ. ಧಾರವಾಡದ, ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಗಳಲ್ಲಿ ಓದುತ್ತಿರುವವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಕಾಯುವ ಪ್ರತಿ ವರ್ಷಕ್ಕೆ ಆ ವರ್ಷದ ಸಂಬಳದಷ್ಟು ಬೆಲೆಯಿದೆ. ವಯೋಮಿತಿಯ ಹಾಗೆ ತಮಗೆ ತಾವೇ ಒಂದು ಮಿತಿಯನ್ನು ಮೊದಲೇ ಹಾಕಿಕೊಳ್ಳದಿದ್ದರೆ, ಭದ್ರತೆಯನ್ನು ಹುಡುಕುವ ಕೆಲಸವೇ ಅತ್ಯಂತ ಅಭದ್ರ ಕೆಲಸವಾಗುತ್ತದೆ.

ಇನ್ನೊಂದು ಎಚ್ಚರಿಕೆ: ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರೆಲ್ಲ ಸರ್ಕಾರಿ ನೌಕರರಲ್ಲ. ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರುಗಳು, ಗುತ್ತಿಗೆಯ ಶುಶ್ರೂಷಕಿಯರು ಅದೇ ಮೇಜುಗಳಲ್ಲಿ ಅದೇ ಕೆಲಸ ಮಾಡುತ್ತಾರೆ. ಭದ್ರತೆಯೂ ಇಲ್ಲ, ಎನ್‌ಪಿಎಸ್ಸೂ ಇಲ್ಲ. ಎಂದಾದರೊಂದು ದಿನ ಕಾಯಂ ಆದೀತು ಎಂಬ ಆಸೆಯಿಂದ ಖಾಸಗಿ ಕೆಲಸ ಬಿಟ್ಟು ಇಂಥ ಹುದ್ದೆಗೆ ಬರುವವರು ಉಮಾದೇವಿ ಪ್ರಕರಣವನ್ನು ತಿಳಿದಿರಬೇಕು. ಕರ್ನಾಟಕದಿಂದಲೇ ಹೋದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಏಪ್ರಿಲ್ 10ರಂದು, ದೀರ್ಘಕಾಲ ದುಡಿದರೆಂಬ ಕಾರಣಕ್ಕೆ ತಾತ್ಕಾಲಿಕ ನೌಕರರಿಗೆ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂದಿತು. ಹಳೆಯ ಪಿಂಚಣಿ ನಿಂತದ್ದು ಅದೇ ತಿಂಗಳ ಮೊದಲ ತಾರೀಖು. ಹತ್ತು ದಿನಗಳ ಅಂತರದಲ್ಲಿ ಸರ್ಕಾರಿ ನೌಕರಿಯ ಎರಡು ಬಾಗಿಲುಗಳು ಮುಚ್ಚಿದವು: ಒಳಗಿದ್ದವರ ಮುಪ್ಪಿನ ಖಾತರಿಯದು ಒಂದು, ಹೊಸ್ತಿಲಲ್ಲಿ ನಿಂತವರ ಪ್ರವೇಶದ್ದು ಇನ್ನೊಂದು.

ನಾನೀಗ ಇರುವ ಜರ್ಮನಿಯಲ್ಲಿಯೂ ಸರ್ಕಾರಿ ಅಧಿಕಾರಿಗಳಿಗೆ ಬೇರೆಯೇ ಪಿಂಚಣಿಯಿದೆ. ಪ್ರತಿ ವರ್ಷದ ಸೇವೆಗೆ ಸುಮಾರು ಶೇಕಡಾ 1.79ರಂತೆ, 40 ವರ್ಷಕ್ಕೆ ಕೊನೆಯ ಸಂಬಳದ ಶೇಕಡಾ 71.75ರವರೆಗೆ. ಅದು ನಮ್ಮ ಹಳೆಯ ಪಿಂಚಣಿಗಿಂತ ಉದಾರ, ಅದರ ಬಗ್ಗೆ ಅಲ್ಲಿ ತಕರಾರೂ ಇದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ದುಡಿಯುವ ನನ್ನಂಥ ಸಂಶೋಧಕರಲ್ಲಿ ಹೆಚ್ಚಿನವರು ಅವಧಿ ಒಪ್ಪಂದದವರು. ಆ ವ್ಯವಸ್ಥೆಯ ಹೊರಗಿನವರು. ಆದರೆ ಹೊರಗೆ ಇರುವುದು ಬಯಲಲ್ಲ. ಬಸ್ಸು ಓಡಿಸುವವರೂ ತಂತ್ರಾಂಶ ಬರೆಯುವವರೂ ಒಂದೇ ಶಾಸನಬದ್ಧ ಪಿಂಚಣಿಯ ಸದಸ್ಯರು. ಸಂಬಳದ ಶೇಕಡಾ 18.6ರಷ್ಟನ್ನು ನೌಕರರೂ ಮಾಲೀಕರೂ ಅರ್ಧರ್ಧ ಕಟ್ಟುತ್ತಾರೆ. ಸಾಮಾನ್ಯ ಸಂಬಳಗಳು ಏರಿದಂತೆ ಪಿಂಚಣಿಯೂ ಪ್ರತಿ ಜುಲೈಯಲ್ಲಿ ಪರಿಷ್ಕಾರಗೊಳ್ಳುತ್ತದೆ, ಬದುಕಿರುವವರೆಗೂ ಬರುತ್ತದೆ. ಕೆಲಸ ಹೋದರೆ ಕೈಗೆ ಬರುತ್ತಿದ್ದ ಸಂಬಳದ ಶೇಕಡಾ 60, ಮಕ್ಕಳಿದ್ದರೆ ಶೇಕಡಾ 67, ಸಾಮಾನ್ಯವಾಗಿ ಒಂದು ವರ್ಷದವರೆಗೆ ಸಿಗುತ್ತದೆ. ಹೀಗಾಗಿ ಅಲ್ಲಿಯ ಯುವಕ ಯುವತಿಯರು ಕೆಲಸವನ್ನು ಆರಿಸುವಾಗ ತಮ್ಮ ಮುಪ್ಪನ್ನು ಪಣಕ್ಕಿಡಬೇಕಿಲ್ಲ. ಕೆಲಸ ಇಷ್ಟವೇ ಎಂದು ಕೇಳಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಹೆಚ್ಚು.

ನಮ್ಮಲ್ಲಿ ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಡಿ ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಎಂದು ನಿಗದಿಯಾಯಿತು. ಅದಕ್ಕೆ ತುಟ್ಟಿಭತ್ಯೆ ಇಲ್ಲ. ಹಳೆಯ ಪಿಂಚಣಿಗಾಗಿ ಸರ್ಕಾರಿ ನೌಕರರು ಬೀದಿಗಿಳಿದಾಗ, "ಖಾಸಗಿಯವರಿಗಿಲ್ಲದ್ದು ನಿಮಗೇಕೆ?" ಎಂಬ ಮಾತು ಮಧ್ಯಮ ವರ್ಗದ ಮನೆಗಳಿಂದಲೇ ಕೇಳಿಬರುತ್ತದೆ. ಕೇಳಬೇಕಾದದ್ದು "ಖಾಸಗಿಯವರಿಗೆ ಏಕಿಲ್ಲ?" ಎಂದು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಿಂಚಣಿ ಮಾಲೀಕರ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ಸಾರಿತು. ಆ ತತ್ವ ಸರ್ಕಾರಿ ಕಚೇರಿಯ ಗೋಡೆಯ ಬಳಿ ನಿಲ್ಲಲು ಕಾರಣವಿಲ್ಲ. ಕೇಂದ್ರ ಸರ್ಕಾರ ತಾನೇ ಯುಪಿಎಸ್ ಮೂಲಕ ಖಾತರಿಯ ಕಡೆಗೆ ಅರ್ಧ ದಾರಿ ಮರಳಿದೆ. ಪೂರ್ತಿ ಅನಿಶ್ಚಿತತೆಯನ್ನು ಒಬ್ಬ ವ್ಯಕ್ತಿಯ ತಲೆಯ ಮೇಲೆ ಹೊರಿಸುವುದು ಸಾಧುವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿಲ್ಲ.

ಆ ಬದಲಾವಣೆ ಆಗುವವರೆಗೆ 26ರ ಆ ಹುಡುಗಿ ಇಂದಿನ ನಿಯಮಗಳಲ್ಲೇ ನಿರ್ಧರಿಸಬೇಕು. ಅವಳಿಗೆ ನಾನು ಹೇಳಬಹುದಾದದ್ದು ಇಷ್ಟು. ಮನೆಯ ಹೊಣೆ ಹೆಗಲ ಮೇಲಿದ್ದು, ಹೆಚ್ಚಿನ ಸಂಬಳದ ಅರ್ಧಕ್ಕಿಂತ ಹೆಚ್ಚಿನ ಪಾಲು ಉಳಿಯುವ ಸಾಧ್ಯತೆ ಇಲ್ಲದಿದ್ದರೆ ಸರ್ಕಾರಿ ಹುದ್ದೆಯನ್ನು ಹಿಡಿಯಲಿ. ಪಿಂಚಣಿಗಾಗಿ ಅಲ್ಲ, 60ರವರೆಗೆ ನಿಲ್ಲದ ಸಂಬಳಕ್ಕಾಗಿ. ಎನ್‌ಪಿಎಸ್ ಖಾತೆಯನ್ನು ವರ್ಷಕ್ಕೊಮ್ಮೆ ತೆರೆದು ಸರ್ಕಾರದ ಪಾಲು ಪ್ರತಿ ತಿಂಗಳೂ ಜಮೆಯಾಗಿದೆಯೇ ಎಂದು ನೋಡಲಿ. ಮನೆಯ ಆಸರೆ ಇದ್ದರೆ ಖಾಸಗಿಗೆ ಹೋಗಲಿ, ಅಳುಕು ಬೇಡ. ಆದರೆ ಮೊದಲ ಎರಡು ವರ್ಷದ ವ್ಯತ್ಯಾಸ, 25,000ದಂತೆ 24 ತಿಂಗಳು, ಪೂರ್ತಿಯಾಗಿ ಬೇರೆ ಖಾತೆಯಲ್ಲಿ ಕೂಡಲಿ. ಒಂದು ವರ್ಷ ಕೆಲಸವಿಲ್ಲದೆ ಬದುಕಲು ಬೇಕಾದ 6 ಲಕ್ಷ ಅದು. ಸರ್ಕಾರಿ ನೌಕರರಿಗೆ ಸಂವಿಧಾನ ಕೊಟ್ಟದ್ದರ ಒಂದು ಚೂರನ್ನಷ್ಟೇ ಆ ಹಣ ಅವಳಿಗೆ ಕೊಂಡುಕೊಡುತ್ತದೆ. ಅದನ್ನು ಪ್ರತಿಯೊಬ್ಬರೂ ಒಂಟಿಯಾಗಿ ಕೊಳ್ಳಬೇಕಾಗಿರುವುದೇ ಸಮಸ್ಯೆ.